ವಾರ್ಷಿಕೋತ್ಸವದ ವಂದನಾರ್ಪಣೆ

ಕಾಲೇಜು ವಾರ್ಷಿಕೋತ್ಸವದ ಸಭೆಯಲ್ಲಿ ವಂದನಾರ್ಪಣೆ ಬರುವುದು ಅಧ್ಯಕ್ಷರ ಮಾತು ಮುಗಿದ ಮೇಲೆ, ಸಾಂಸ್ಕೃತಿಕ ಕಾರ್ಯಕ್ರಮ ಶುರುವಾಗುವ ಮೊದಲು. ಆ ಹೊತ್ತಿಗೆ ಸ್ವಾಗತ, ವಾರ್ಷಿಕ ವರದಿ, ಬಹುಮಾನ ವಿತರಣೆ, ಅತಿಥಿಗಳ ಭಾಷಣ ಎಲ್ಲ ಆಗಿ ಸಭೆ ದಣಿದಿರುತ್ತದೆ. ವೇದಿಕೆಯ ಪಕ್ಕದಲ್ಲಿ ಗೆಜ್ಜೆ ಕಟ್ಟಿಕೊಂಡ ತಂಡ ಕಾಯುತ್ತಿರುತ್ತದೆ. ಹೀಗಾಗಿ ವಂದಿಸುವವರಿಗೆ ಸಿಗುವ ಕಾಲ ಎರಡೂವರೆ, ಹೆಚ್ಚೆಂದರೆ ಮೂರು ನಿಮಿಷ. ಕರ್ನಾಟಕ ಸರ್ಕಾರ ನಾಡಗೀತೆಗೆ ನಿಗದಿ ಮಾಡಿರುವ ಅವಧಿಯೂ 2 ನಿಮಿಷ 30 ಸೆಕೆಂಡೇ. ಸಭೆಯ ಆರಂಭದಲ್ಲಿ ನಾಡಗೀತೆಗೆ ಎದ್ದು ನಿಂತಷ್ಟು ಹೊತ್ತು ಕೊನೆಯಲ್ಲಿ ವಂದನೆ ನಡೆದರೆ ಯಾರೂ ಗೊಣಗುವುದಿಲ್ಲ.

ಬರವಣಿಗೆಗೆ ಆಧಾರ ಆಹ್ವಾನ ಪತ್ರಿಕೆ. ಆದರೆ ಅದನ್ನೇ ನಂಬಿ ಕೂರುವುದು ಅಪಾಯ. ಪತ್ರಿಕೆಯಲ್ಲಿದ್ದ ಶಾಸಕರು ಬಾರದೆ ಇರಬಹುದು, ಅವರ ಬದಲು ಬೇರೊಬ್ಬರು ಬಂದಿರಬಹುದು, ಸಭೆಯಲ್ಲಿದ್ದ ಹಿರಿಯರೊಬ್ಬರನ್ನು ಕೊನೆಗಳಿಗೆಯಲ್ಲಿ ವೇದಿಕೆಗೆ ಕರೆದಿರಬಹುದು. ಬಾರದವರಿಗೆ ‘ಆಗಮಿಸಿದ್ದಕ್ಕಾಗಿ’ ವಂದನೆ ಹೇಳಿದ ಸಭೆಗಳು ಕಾಲೇಜುಗಳಲ್ಲಿ ಅಪರೂಪವೇನಲ್ಲ. ಅಧ್ಯಕ್ಷರು ಮಾತಿಗೆ ಎದ್ದಾಗ ನಿರೂಪಕರ ಕೈಯಲ್ಲಿರುವ ಪಟ್ಟಿಯೊಂದಿಗೆ ತಮ್ಮ ಹಾಳೆಯನ್ನು ಹೋಲಿಸಿ ನೋಡಿಕೊಂಡರೆ ಈ ಮುಜುಗರ ತಪ್ಪುತ್ತದೆ. ಹೆಸರಿನ ಇನಿಷಿಯಲ್ಲು, ಡಾ. ಇದೆಯೋ ಇಲ್ಲವೋ ಎಂಬುದನ್ನೂ ಆಗಲೇ ಖಚಿತಪಡಿಸಿಕೊಳ್ಳಬೇಕು.

ಕ್ರಮದಲ್ಲಿ ಮುಖ್ಯ ಅತಿಥಿಗಳು ಮೊದಲು, ನಂತರ ಅಧ್ಯಕ್ಷತೆ ವಹಿಸಿದವರು, ಆಮೇಲೆ ಅಭಿವೃದ್ಧಿ ಸಮಿತಿ ಅಥವಾ ಆಡಳಿತ ಮಂಡಳಿಯವರು. ದತ್ತಿ ಬಹುಮಾನ ಸ್ಥಾಪಿಸಿದವರು ಸಭೆಯಲ್ಲಿದ್ದರೆ ಅವರನ್ನು ಹೆಸರು ಹಿಡಿದೇ ನೆನೆಯಬೇಕು. ಅಧ್ಯಾಪಕರು, ಕಚೇರಿ ಸಿಬ್ಬಂದಿ, ಪೋಷಕರು, ವಿದ್ಯಾರ್ಥಿಗಳು ಗುಂಪಾಗಿ ಬಂದರೆ ಸಾಕು. ಸಿಬ್ಬಂದಿಯಲ್ಲಿ ನಾಲ್ವರ ಹೆಸರು ಹೇಳಿ ಐದನೆಯವರನ್ನು ಮರೆತರೆ ಆ ಮುನಿಸು ಸ್ಟಾಫ್ ರೂಮಿನಲ್ಲಿ ಮುಂದಿನ ವಾರ್ಷಿಕೋತ್ಸವದವರೆಗೂ ಉಳಿಯುತ್ತದೆ.

ವಂದನೆಗೆ ಕಳೆ ಬರುವುದು ವಿಶೇಷಣಗಳಿಂದಲ್ಲ. ‘ಅಮೂಲ್ಯ ಸಮಯ’, ‘ಸಾರಗರ್ಭಿತ ಭಾಷಣ’ ಮುಂತಾದವನ್ನು ಯಾವ ಅತಿಥಿಗೆ ಬೇಕಾದರೂ ಹೇಳಬಹುದು. ಅತಿಥಿಗಳಿಗೂ ಅದು ಗೊತ್ತು. ಅವರು ಆ ದಿನ ಆಡಿದ ಒಂದು ಮಾತನ್ನು ಹಿಡಿದು ವಂದಿಸಿದರೆ ಕೇಳಿಸಿಕೊಂಡ ಗುರುತು ಸಿಗುತ್ತದೆ. ಇದಕ್ಕಾಗಿ ಹಾಳೆಯಲ್ಲಿ ಎರಡು ಸಾಲು ಖಾಲಿ ಬಿಟ್ಟು, ಭಾಷಣ ನಡೆಯುವಾಗ ತುಂಬಿಕೊಳ್ಳುವುದು ವರ್ಷಗಳ ಅನುಭವದಲ್ಲಿ ಪಳಗಿದವರ ರೂಢಿ. ಹಿಡಿಯುವುದು ಒಂದೇ ಮಾತು. ಭಾಷಣದ ಸಾರಾಂಶ ಹೇಳಲು ಹೊರಟರೆ ಅದು ಎರಡನೆಯ ಭಾಷಣವಾಗುತ್ತದೆ.

ಅತಿಥಿ ಅದೇ ಕಾಲೇಜಿನ ಹಳೆಯ ವಿದ್ಯಾರ್ಥಿನಿ, ತಾನು ಗ್ರಂಥಾಲಯದ ಕೊನೆಯ ಬೆಂಚಿನಲ್ಲಿ ಕೂತು ಓದುತ್ತಿದ್ದುದನ್ನು ಭಾಷಣದಲ್ಲಿ ನೆನೆದಿದ್ದಾರೆ ಎಂದಿಟ್ಟುಕೊಂಡರೆ ವಂದನೆ ಹೀಗಿರಬಹುದು. ಹೆಸರುಗಳು ಆಯಾ ಜಾಗದಲ್ಲಿ ಸೇರುತ್ತವೆ.

“ಎಲ್ಲರಿಗೂ ನಮಸ್ಕಾರ. ಗ್ರಂಥಾಲಯದ ಕೊನೆಯ ಬೆಂಚು ತಮ್ಮದಾಗಿತ್ತು ಎಂದು ಮುಖ್ಯ ಅತಿಥಿಗಳು ಹೇಳಿದರು. ನಾಳೆಯಿಂದ ಆ ಬೆಂಚಿಗೆ ನೂಕುನುಗ್ಗಲು ಖಂಡಿತ. ಮೇಡಂ, ಓದಿದ ಕಾಲೇಜಿಗೆ ಮರಳಿ ಬಂದ ತಮಗೆ ಹೃತ್ಪೂರ್ವಕ ವಂದನೆಗಳು. ಪರೀಕ್ಷೆ ಹತ್ತಿರವಿದ್ದರೂ ತಾಲೀಮಿಗೆ ಸಂಜೆಗಳನ್ನು ಬಿಟ್ಟುಕೊಟ್ಟು, ಇಂದು ಅಧ್ಯಕ್ಷತೆ ವಹಿಸಿದ ಪ್ರಾಂಶುಪಾಲರಿಗೆ ವಂದನೆಗಳು. ಬೆನ್ನಿಗೆ ನಿಂತ ಅಭಿವೃದ್ಧಿ ಸಮಿತಿಯ ಸದಸ್ಯರಿಗೆ, ಬಹುಮಾನಗಳ ದತ್ತಿದಾನಿಗಳಿಗೆ ಕಾಲೇಜು ಋಣಿ. ಮಕ್ಕಳನ್ನು ತಿದ್ದಿ ತಯಾರು ಮಾಡಿದ ಅಧ್ಯಾಪಕರಿಗೆ, ನಿನ್ನೆ ರಾತ್ರಿವರೆಗೂ ನಿಂತು ಶಾಮಿಯಾನ, ಮೈಕು ಸರಿಮಾಡಿಸಿದ ಕಚೇರಿ ಸಿಬ್ಬಂದಿಗೆ, ಕುರ್ಚಿ ಹೊತ್ತ ಎನ್‌ಎಸ್‌ಎಸ್ ಸ್ವಯಂಸೇವಕರಿಗೆ ವಂದನೆಗಳು. ಮಕ್ಕಳ ಹಾಡು, ಕುಣಿತ ನೋಡಲೆಂದೇ ಬಂದ ತಂದೆತಾಯಿಯರೇ, ತಮ್ಮನ್ನು ಇನ್ನು ಕಾಯಿಸುವುದಿಲ್ಲ. ತಮಗೂ ವಿದ್ಯಾರ್ಥಿಗಳಿಗೂ ವಂದನೆಗಳು.”

ಹೆಸರುಗಳನ್ನು ಸೇರಿಸಿ ನಿಧಾನವಾಗಿ ಓದಿದರೂ ಇದು ಎರಡು ನಿಮಿಷ ದಾಟುವುದಿಲ್ಲ. ಬೆಂಚಿನ ಮಾತಿಗೆ ವಿದ್ಯಾರ್ಥಿಗಳು ಹೋ ಎಂದು ಕೂಗಿದರೆ ಅದು ನಿಲ್ಲುವವರೆಗೆ ಕಾಯಬೇಕು. ಗದ್ದಲದ ಮೇಲೆ ಹೇಳಿದ ಹೆಸರು ಯಾರಿಗೂ ಕೇಳಿಸದು. ಅಂಥ ತಮಾಷೆ ಒಂದಕ್ಕಿಂತ ಹೆಚ್ಚು ಬೇಡ, ಅದೂ ಅತಿಥಿ ತಾವೇ ಹೇಳಿಕೊಂಡ ಮಾತಿನ ಮೇಲಿದ್ದರೆ ಮಾತ್ರ ಚೆಂದ.

ವಂದಿಸಿದವರ ಕೆಲಸ ಅಲ್ಲಿಗೆ ಮುಗಿಯಿತು. ಸಭೆಯನ್ನು ಮುಕ್ತಾಯಗೊಳಿಸುವುದು, ನೆನಪಿನ ಕಾಣಿಕೆ ಬಾಕಿಯಿದ್ದರೆ ಕೊಡಿಸುವುದು, ರಾಷ್ಟ್ರಗೀತೆಗೆ ಎದ್ದು ನಿಲ್ಲುವಂತೆ ಕೋರುವುದು ನಿರೂಪಕರಿಗೆ ಸೇರಿದ್ದು.