ಗ್ರಾಹಕ ದೂರು: ಎಷ್ಟು ಕೇಳೋದು, ಯಾಕೆ ಕೇಳೋದು?

ಗ್ರಾಹಕ ಆಯೋಗಕ್ಕೆ ದೂರು ಬರೆಯುವಾಗ ನಮ್ಮಲ್ಲಿ ಎಷ್ಟೋ ಜನ ಎರಡು ಪುಟ ಕೋಪ ತೋಡಿಕೊಂಡು, ಕೊನೆಗೆ "ಒಂದು ಲಕ್ಷ ಪರಿಹಾರ ಕೊಡಿಸಿ" ಅಂತ ಒಂದೇ ಸಾಲು ಹಾಕ್ತೀವಿ. ಆ ಲಕ್ಷದ ಲೆಕ್ಕ ಎಲ್ಲಿದೆ ಅನ್ನೋದೇ ಆಯೋಗದ ಪ್ರಶ್ನೆ.

ಒಂದು ಉದಾಹರಣೆ ನೋಡೋಣ. ನಂದಗುಡಿಯ ಒಬ್ಬ ವಿದ್ಯಾರ್ಥಿನಿ ಬೆಂಗಳೂರಿನ ಒಂದು ಅಂಗಡಿಗೆ ಲ್ಯಾಪ್‌ಟಾಪ್ ರಿಪೇರಿಗೆ ಕೊಟ್ಟು 6,500 ರೂಪಾಯಿ ಕಟ್ಟಿದಳು ಅಂದುಕೊಳ್ಳಿ. ರಸೀದಿಯಲ್ಲಿ 7 ದಿನ ಅಂತ ಬರೆದಿತ್ತು. 45 ದಿನ ಆದಮೇಲೆ ಅದೇ ದೋಷದ ಜೊತೆ ವಾಪಸ್ ಬಂತು. ಒಪ್ಪಿಕೊಂಡ ಕೆಲಸಕ್ಕೂ ಮಾಡಿಕೊಟ್ಟ ಕೆಲಸಕ್ಕೂ ಇರುವ ಈ ಅಂತರವೇ ಸೇವಾ ನ್ಯೂನತೆ. ದೂರಿನ ಮೊದಲ ಭಾಗದಲ್ಲಿ ಇದನ್ನು ತಾರೀಖಿನ ಕ್ರಮದಲ್ಲಿ ಬರೆದರೆ ಸಾಕು, ಬೈಗುಳ ಬೇಡ. 2019ರ ಕಾಯ್ದೆ ಪ್ರಕಾರ ದೂರುದಾರರು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹಾಗಾಗಿ ಅಂಗಡಿ ಬೆಂಗಳೂರು ನಗರದಲ್ಲಿದ್ದರೂ ಇವಳು ತನ್ನ ಜಿಲ್ಲೆಯ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಆದರೆ ತೊಂದರೆ ಆದ 2 ವರ್ಷದೊಳಗೆ ದೂರು ಹಾಕಬೇಕು.

ಈಗ ಲೆಕ್ಕ. ಮೊದಲನೆಯದು ಕಟ್ಟಿದ 6,500 ವಾಪಸ್, ಇದಕ್ಕೆ ಆಧಾರ ರಸೀದಿ. ಎರಡನೆಯದು ನೇರ ನಷ್ಟ: ಆ ದಿನಗಳಲ್ಲಿ ಬಾಡಿಗೆ ಲ್ಯಾಪ್‌ಟಾಪಿಗೆ ಕೊಟ್ಟ 3,000, ಇದಕ್ಕೆ ಬಾಡಿಗೆ ಬಿಲ್ ಮತ್ತು ಯುಪಿಐ ದಾಖಲೆ. ಮೂರನೆಯದು ಮಾನಸಿಕ ಯಾತನೆ. ಇದಕ್ಕೆ ಬಿಲ್ ಇರಲ್ಲ. ಆದರೆ ಎಷ್ಟು ಸಲ ಓಡಾಡಿದಳು, ಎಷ್ಟು ಮೆಸೇಜಿಗೆ ಉತ್ತರ ಬರಲಿಲ್ಲ ಅನ್ನೋದನ್ನು ವಾಟ್ಸಾಪ್ ಸ್ಕ್ರೀನ್‌ಶಾಟ್ ತೋರಿಸುತ್ತೆ. ನಾಲ್ಕನೆಯದು ದೂರಿನ ಖರ್ಚು. ಹಣವೂ ವಾಪಸ್ ಬೇಕು, ಉಚಿತ ರಿಪೇರಿಯೂ ಬೇಕು ಅಂತ ಎರಡನ್ನೂ ಒಟ್ಟಿಗೆ ಕೇಳಬಾರದು. "ಇದು, ಇಲ್ಲವೇ ಅದು" ಅಂತ ಬರೆಯಬೇಕು. ಪ್ರತಿ ದಾಖಲೆಗೂ ನಂಬರ್ ಕೊಟ್ಟು, ಅದೇ ನಂಬರನ್ನು ಆ ಮೊತ್ತದ ಪಕ್ಕ ಹಾಕಿದರೆ ಯಾವ ಮೊತ್ತಕ್ಕೆ ಆಧಾರ ಇಲ್ಲ ಅಂತ ನಮಗೇ ಗೊತ್ತಾಗುತ್ತೆ.

ಇದೇ ವಿಂಗಡಣೆಯನ್ನು ಬೆಂಗಳೂರಿನ ಪಿವಿಆರ್-ಐನಾಕ್ಸ್ ಪ್ರಕರಣದಲ್ಲೂ ನೋಡಬಹುದು. 4.05ಕ್ಕೆ ಅಂತ ಟಿಕೆಟ್‌ನಲ್ಲಿದ್ದ ಸಿನಿಮಾ ಜಾಹೀರಾತು ಮುಗಿದು 4.30ಕ್ಕೆ ಶುರುವಾಯಿತು. ದೂರುದಾರರ ಹತ್ತಿರ ಆ ಜಾಹೀರಾತುಗಳ ವಿಡಿಯೋ ಇತ್ತು. 2025ರ ಫೆಬ್ರವರಿಯಲ್ಲಿ ಜಿಲ್ಲಾ ಆಯೋಗ ಮಾನಸಿಕ ಯಾತನೆಗೆ 20,000, ಖರ್ಚಿಗೆ 8,000, ದಂಡರೂಪದ ಪರಿಹಾರವಾಗಿ 1 ಲಕ್ಷ ಅಂತ ಆದೇಶಿಸಿತು. ಆ ಲಕ್ಷ ದೂರುದಾರರಿಗಲ್ಲ, ಗ್ರಾಹಕ ಕಲ್ಯಾಣ ನಿಧಿಗೆ. ಮಾರ್ಚ್‌ನಲ್ಲಿ ಹೈಕೋರ್ಟ್ ಈ ಆದೇಶಕ್ಕೆ ತಡೆ ಕೊಟ್ಟಿತು; ಒಬ್ಬರ ದೂರನ್ನು ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಹಾಗೆ ನೋಡಲಾಗಿದೆ ಅನ್ನೋದು ಅದರ ಆಕ್ಷೇಪ. ಹಾಗಾಗಿ ನಮ್ಮ ದೂರು ನಮಗಾದ ನಷ್ಟದೊಳಗೇ ಇರಲಿ. ಊರಿನ ಎಲ್ಲಾ ಅಂಗಡಿಗಳನ್ನೂ ಸರಿ ಮಾಡುವ ಪ್ರಾರ್ಥನೆ ಅದರಲ್ಲಿ ಬೇಡ.