ಮೂಗಿನ ಕೆಳಗಿನ ಜೋನಿಬೆಲ್ಲ

ಪಾಂಡವಪುರದ ಆಲೆಮನೆಯಲ್ಲಿ ಜೋನಿಬೆಲ್ಲ ಚೆಲ್ಲಿ ಒಣಗಿದ್ದನ್ನು ನೋಡಿದ್ದೀರಲ್ಲ? ಮಗುವಿನ ಮೂಗು, ಬಾಯಿಯ ಸುತ್ತ ಅದೇ ಬಣ್ಣದ ಹಕ್ಕಳೆ ಕಂಡರೆ ಅದು ಬಹುಮಟ್ಟಿಗೆ ಇಂಪೆಟೈಗೊ ಎಂಬ ಅಂಟುಕಜ್ಜಿ. ಶ್ರೀರಂಗಪಟ್ಟಣವಿರಲಿ, ಕೆ.ಆರ್. ಪೇಟೆ, ನಾಗಮಂಗಲವಿರಲಿ, ಶಾಲೆಗೆ ಹೋಗುವ ಮಕ್ಕಳಿಗೆ ಇದು ಸಾಮಾನ್ಯ.

ನೆಗಡಿಯಾದ ಮಗು ಮೂಗನ್ನು ತಿಕ್ಕಿ ತಿಕ್ಕಿ ಚರ್ಮ ತರಚಿಕೊಳ್ಳುತ್ತೆ. ಅಲ್ಲಿ ಬ್ಯಾಕ್ಟೀರಿಯಾ ಸೇರಿ ಸಣ್ಣ ಗುಳ್ಳೆ ಏಳುತ್ತೆ, ಬೇಗನೆ ಒಡೆದು ಸೋರಿ ಹಕ್ಕಳೆ ಕಟ್ಟುತ್ತೆ. ನೋವು ಕಡಿಮೆ, ನವೆ ಇರುತ್ತೆ. ಕೆರೆದ ಉಗುರು ಗಲ್ಲ ಮುಟ್ಟಿದರೆ ಅಲ್ಲೂ ಹೊಸ ಕಲೆ. ಅದೇ ಟವೆಲ್‌ನಲ್ಲಿ ತಂಗಿ ಮುಖ ಒರೆಸಿಕೊಂಡರೆ ಅವಳಿಗೂ ಬರುತ್ತೆ.

ಹಕ್ಕಳೆಯನ್ನು ಒಣಗಿದ್ದಾಗ ಕೀಳಬೇಡಿ. ಉಗುರುಬೆಚ್ಚನೆ ನೀರು, ಸೋಪಿನಿಂದ ನೆನೆಸಿ ಮೆಲ್ಲಗೆ ತೆಗೆಯಿರಿ. ಒಂದೆರಡೇ ಕಲೆಯಿದ್ದರೆ ವೈದ್ಯರು ಸಾಮಾನ್ಯವಾಗಿ ಮ್ಯುಪಿರೋಸಿನ್‌ನಂಥ ಆ್ಯಂಟಿಬಯಾಟಿಕ್ ಮುಲಾಮನ್ನು ಐದು ದಿನ ಹಚ್ಚಲು ಹೇಳುತ್ತಾರೆ. ಕಲೆ ಹೆಚ್ಚಿದ್ದರೆ ಔಷಧಿ ಕುಡಿಸಬೇಕಾಗುತ್ತೆ. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಕ್ರೀಮು ಮಾತ್ರ ಬೇಡವೇ ಬೇಡ. ಕೆಂಪು ಇಳಿದಂತೆ ಕಂಡರೂ ಸೋಂಕು ಹರಡುತ್ತಿರುತ್ತೆ.

ಚಿಕಿತ್ಸೆ ಶುರುವಾಗಿ 24 ಗಂಟೆ ಕಳೆಯುವವರೆಗೆ ಶಾಲೆಗೆ ಕಳಿಸಬೇಡಿ. ಟವೆಲ್, ದಿಂಬಿನ ಕವರ್ ಬೇರೆ ಇಟ್ಟು ಬಿಸಿನೀರಲ್ಲಿ ಒಗೆಯಿರಿ, ಉಗುರು ಕತ್ತರಿಸಿ.

ಜ್ವರ ಬಂದರೆ, ಸುತ್ತಲ ಚರ್ಮ ಊದಿ ಬಿಸಿಯಾದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಗಾಯ ಮಾಗಿದ ಎರಡು ಮೂರು ವಾರದಲ್ಲಿ ಬೆಳಗ್ಗೆ ಮುಖ ಊದಿ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೂ ಅಷ್ಟೇ. ಅಪರೂಪಕ್ಕೆ ಈ ಕಜ್ಜಿ ಮೂತ್ರಪಿಂಡವನ್ನೂ ಬಾಧಿಸುತ್ತೆ.