ಊರಿನ ಮನೆಯ ಎಸ್ಟಿಮೇಟ್: ಟೈಲ್ಸ್, ಪೇಂಟ್ ಲೆಕ್ಕ ನೋಡುವುದು ಹೇಗೆ?

ದಮ್ಮಾಮ್, ಜುಬೈಲ್, ರಿಯಾದ್ ಕಡೆ ನಮ್ಮ ಎಷ್ಟೋ ಸಹೋದರರು ದಿನವಿಡೀ ಟೈಲ್ಸ್, ಪೇಂಟ್ ಕೆಲಸದಲ್ಲೇ ಇರ್ತಾರೆ. ಇಲ್ಲಿ ಮೀಟರ್ ಲೆಕ್ಕ ಬಾಯಿಪಾಠ. ಆದರೆ ಊರಲ್ಲಿ ಕಟ್ಟಿಸ್ತಿರುವ ಮನೆಯ ಎಸ್ಟಿಮೇಟ್ ವಾಟ್ಸಾಪಲ್ಲಿ ಬಂದಾಗ ಎಲ್ಲವೂ ಚದರ ಅಡಿಯಲ್ಲಿರ್ತದೆ. ಕೊನೆಯ ಮೊತ್ತ ಮಾತ್ರ ನೋಡಿ ಹಣ ಕಳಿಸಿಬಿಡ್ತೇವೆ. ರೇಟಿನ ಬಗ್ಗೆ ಚೌಕಾಶಿ ಮಾಡುವವರು ಬಹಳ, ಅಳತೆ ಕೇಳುವವರು ಕಡಿಮೆ. ಹೆಚ್ಚಿನ ಹಣ ಹೋಗುವುದು ಅಳತೆಯಲ್ಲಿ.

ಮೊದಲು ಒಂದು ಸಂಖ್ಯೆ ನೆನಪಿಡಿ: ಒಂದು ಚದರ ಮೀಟರ್ ಅಂದರೆ 10.764 ಚದರ ಅಡಿ. ಎಸ್ಟಿಮೇಟಿನ ಚದರ ಅಡಿಯನ್ನು ಇದರಿಂದ ಭಾಗಿಸಿದರೆ ನಿಮಗೆ ಕಣ್ಣಿಗೆ ಕಟ್ಟುವ ಮೀಟರ್ ಸಿಗ್ತದೆ.

ಈಗ ಒಂದೇ ಒಂದು ಕೋಣೆ ತೆಗೆದುಕೊಳ್ಳೋಣ. ಗಾರೆ ಆದ ಮೇಲೆ ಒಳಗಿನ ಅಳತೆ 11 ಅಡಿ, 13 ಅಡಿ. ಎತ್ತರ 10 ಅಡಿ. ಹಾಲ್ ಕಡೆಯ ಬಾಗಿಲು 3×7, ಬಾತ್‌ರೂಮ್ ಬಾಗಿಲು 2.5×7, ಕಿಟಕಿ 5×4. ಗಾರೆ ಆದ ಮೇಲಿನ ಅಳತೆಯೇ ಬೇಕು. ಪ್ಲಾನಿನಲ್ಲಿ ಬರೆದದ್ದು ಸಾಮಾನ್ಯವಾಗಿ ಬರೀ ಗೋಡೆಯ ಅಳತೆ, ಗಾರೆ ಎರಡೂ ಕಡೆಯಿಂದ ಅರ್ಧರ್ಧ ಇಂಚು ತಿನ್ನುತ್ತದೆ.

ನೆಲದ ವಿಸ್ತೀರ್ಣ 143 ಚದರ ಅಡಿ, ಅಂದರೆ 13.3 ಮೀಟರ್. ಕಂಟ್ರಾಕ್ಟರ್ ಹೀಗೆ ಬರೆದಿದ್ದಾರೆ ಅಂತ ಇಟ್ಟುಕೊಳ್ಳಿ: ನೆಲ 143, ಸ್ಕರ್ಟಿಂಗ್ 24, ಒಟ್ಟು 167, ವೇಸ್ಟೇಜ್ ಶೇ. 15, ಒಟ್ಟು 192 ಚದರ ಅಡಿ, 13 ಪೆಟ್ಟಿಗೆ. ನೋಡಲು ಸರಿಯಾಗಿಯೇ ಉಂಟು. ಒಂದೊಂದಾಗಿ ಬಿಚ್ಚಿ ನೋಡೋಣ.

ಊರಲ್ಲಿ “ಎರಡು-ಎರಡು” ಅನ್ನುವ ಟೈಲ್ ನಿಜವಾಗಿ ಎರಡಡಿ ಇಲ್ಲ. ಇಲ್ಲಿ ನೀವು ಹಾಕುವ ಅದೇ 60×60 ಸೆಂಟಿಮೀಟರ್. ನಾಲ್ಕು ಟೈಲಿನ ಪೆಟ್ಟಿಗೆಯಲ್ಲಿ 1.44 ಚದರ ಮೀಟರ್, ಅಂದರೆ 15.5 ಚದರ ಅಡಿ ಮಾತ್ರ. 16 ಅಂತ ಬಿಲ್ ಮಾಡಿದರೆ ಪ್ರತಿ ಪೆಟ್ಟಿಗೆಗೆ ಅರ್ಧ ಅಡಿ ನಿಮ್ಮ ಕಿಸೆಯಿಂದ ಹೋಯಿತು. ಪೆಟ್ಟಿಗೆಯ ಮೇಲೆ ಚದರ ಮೀಟರ್ ಅಚ್ಚಾಗಿರ್ತದೆ, ಅದರ ಫೋಟೋ ತರಿಸಿಕೊಳ್ಳಿ.

ಇನ್ನು ವೇಸ್ಟೇಜ್. ಇದು ಶೇ. 5, 10, 15 ಅಂತ ಬಾಯಿಗೆ ಬಂದ ಸಂಖ್ಯೆ ಆಗಬಾರದು. ಸಾಲು ಎಣಿಸಬೇಕು. ಎರಡು ಮಿಲಿಮೀಟರ್ ಸಂದು ಸೇರಿ ಒಂದು ಟೈಲಿಗೆ 602 ಮಿಲಿಮೀಟರ್. 11 ಅಡಿ ಅಂದರೆ 3353 ಮಿಲಿಮೀಟರ್: ಐದು ಇಡೀ ಟೈಲ್, ಆರನೆಯದು ಕತ್ತರಿಸಿದ್ದು. 13 ಅಡಿಗೆ ಆರು ಇಡೀ ಟೈಲ್, ಏಳನೆಯದು ಕತ್ತರಿಸಿದ್ದು. ಆರು ಏಳಲೆ 42 ಟೈಲ್. ಬರೀ ವಿಸ್ತೀರ್ಣದ ಲೆಕ್ಕದಲ್ಲಿ 37 ಸಾಕಿತ್ತು. ಹಾಗಾದರೆ ಶೇ. 15ರ ಹತ್ತಿರ ಹತ್ತಿರ ನಿಜವಾಗಿಯೂ ಬೇಕಲ್ಲ?

ಬೇಕು. ಆದರೆ ಕತ್ತರಿಸಿ ಉಳಿದ ತುಂಡು ಎಲ್ಲಿಗೆ ಹೋಗ್ತದೆ ಅಂತ ಕೇಳಬೇಕು. ಪ್ರತಿ ಕತ್ತರಿಸಿದ ಟೈಲಿನಲ್ಲಿ ಸುಮಾರು 25 ಸೆಂಟಿಮೀಟರ್ ಅಗಲದ ತುಂಡು ಉಳೀತದೆ. ಅದರಿಂದ ನಾಲ್ಕಿಂಚಿನ ಎರಡು ಸ್ಕರ್ಟಿಂಗ್ ಪಟ್ಟಿ ಬರ್ತದೆ. ಎರಡು ಬದಿ ಸೇರಿ 12 ತುಂಡು, 24 ಪಟ್ಟಿ. ಸ್ಕರ್ಟಿಂಗಿಗೆ ಬೇಕಾದದ್ದು ಎಷ್ಟು? ಕೋಣೆಯ ಸುತ್ತಳತೆ 48 ಅಡಿ, ಎರಡು ಬಾಗಿಲಿನ ಅಗಲ 5.5 ಕಳೆದರೆ 42.5 ಅಡಿ, 22 ಪಟ್ಟಿ ಸಾಕು. ಅಂದರೆ ಇಡೀ ಸ್ಕರ್ಟಿಂಗ್ ವೇಸ್ಟೇಜಿನಿಂದಲೇ ಬಂತು! ಎಸ್ಟಿಮೇಟಿನಲ್ಲಿ ಸ್ಕರ್ಟಿಂಗಿಗೆ ಬೇರೆ ಟೈಲ್, ಅದರ ಮೇಲೆ ವೇಸ್ಟೇಜ್ ಬೇರೆ, ಸಾಲದ್ದಕ್ಕೆ ನಾಲ್ಕಿಂಚಿನ ಪಟ್ಟಿಯನ್ನು ಅರ್ಧ ಅಡಿ ಅಂತ, ಬಾಗಿಲು ಕಳೆಯದೆ ಹಿಡಿದಿದ್ದಾರೆ. 48 ಅರ್ಧಲೆ 24 ಬಂದದ್ದು ಹಾಗೆ.

42 ಟೈಲಿಗೆ 11 ಪೆಟ್ಟಿಗೆ, ಎರಡು ಟೈಲ್ ಉಳೀತದೆ. ಒಡೆದರೆ ಬೇಕು ಅಂತ ಇನ್ನೊಂದು ಪೆಟ್ಟಿಗೆ ಸೇರಿಸಿ, 12 ಆಗಲಿ. ಕತ್ತರಿಸಿದ ಅಂಚು ಹೊರಗೆ ಕಾಣುವಲ್ಲಿ ಮೇಸ್ತ್ರಿ ಅದನ್ನು ಉಜ್ಜಿ ನಯ ಮಾಡಬೇಕು, ಅದರ ಕೂಲಿ ಕೇಳಿದರೆ ಕೊಡಬೇಕಾದ್ದೇ. ಎಲ್ಲ ಕೋಣೆಗೂ ಈ ಲೆಕ್ಕ ಹೊಂದುವುದಿಲ್ಲ ಎಂಬುದೂ ಗೊತ್ತಿರಲಿ. ಉಳಿದ ತುಂಡು ನಾಲ್ಕಿಂಚಿಗಿಂತ ಕಿರಿದಾದರೆ ಅದು ನಿಜವಾಗಿ ಕಸ. ಟೈಲನ್ನು ಓರೆಯಾಗಿ ಹಾಕಿಸಿದರೆ ತ್ರಿಕೋನ ತುಂಡುಗಳಿಂದ ಸ್ಕರ್ಟಿಂಗ್ ಬರುವುದಿಲ್ಲ.

ಬಾತ್‌ರೂಮ್ ಗೋಡೆಗೆ ಇಷ್ಟು ತಲೆಬಿಸಿ ಇಲ್ಲ. 5×8 ಅಡಿಯ ಬಾತ್‌ರೂಮಿಗೆ ಏಳಡಿ ಎತ್ತರ ಟೈಲ್ ಹಾಕಿದರೆ 26 ಏಳಲೆ 182 ಚದರ ಅಡಿ. ಬಾಗಿಲೂ ಏಳಡಿ, ಅಲ್ಲಿ ಒಂದು ಟೈಲೂ ಕೂರುವುದಿಲ್ಲ. ಆ 17.5 ಕಳೆದು 164.5ರ ಮೇಲೆ ವೇಸ್ಟೇಜ್ ಹಾಕಬೇಕು. ವೆಂಟಿಲೇಟರಿನ ಮೂರು ಅಡಿಗೆ ಜಗಳ ಮಾಡಬೇಡಿ, ಅದರ ಸುತ್ತ ಕತ್ತರಿಸುವಾಗ ಅಷ್ಟು ಟೈಲ್ ಹೋಗಿಯೇ ಹೋಗ್ತದೆ.

ಪೇಂಟಿಗೆ ಬನ್ನಿ. ಗೋಡೆ 48 ಹತ್ತಲೆ 480 ಚದರ ಅಡಿ. ಎಸ್ಟಿಮೇಟಿನಲ್ಲಿ ಬಾಗಿಲು-ಕಿಟಕಿ ಕಳೆದಿಲ್ಲ, ಮೇಲಿಂದ “ಜಾಂಬ್ 30” ಅಂತ ಸೇರಿಸಿ 510 ಮಾಡಿದ್ದಾರೆ. ಜಾಂಬ್ ಅಂದರೆ ಕಿಟಕಿ-ಬಾಗಿಲಿನ ಒಳಬದಿಯ ಗೋಡೆ ದಪ್ಪ.

ಇದಕ್ಕೊಂದು ಪದ್ಧತಿ ಉಂಟು. ಭಾರತದಲ್ಲಿ ಕಟ್ಟಡ ಕೆಲಸ ಅಳೆಯುವ ಮಾನಕ ಐ.ಎಸ್. 1200. ಗಾರೆಯ ಅಳತೆಗೆ ಅದು ಹೇಳುವುದು ಇಷ್ಟು: ಅರ್ಧ ಚದರ ಮೀಟರಿಗಿಂತ ಸಣ್ಣ ತೆರಪನ್ನು ಕಳೆಯಬೇಕಾಗಿಲ್ಲ. ಅರ್ಧದಿಂದ 3 ಚದರ ಮೀಟರ್ ತನಕದ ತೆರಪಿಗೆ, ಗೋಡೆಯ ಎರಡೂ ಮುಖಕ್ಕೆ ಒಂದೇ ಕೆಲಸವಾದರೆ, ಒಂದು ಮುಖ ಮಾತ್ರ ಕಳೆಯಬೇಕು, ಜಾಂಬ್ ಸೇರಿಸಬಾರದು. 3 ಮೀಟರಿಗಿಂತ ದೊಡ್ಡದಾದರೆ ಎರಡೂ ಮುಖ ಕಳೆದು, ಜಾಂಬ್ ಸೇರಿಸಬೇಕು. ಪೇಂಟಿಗೂ ಊರಲ್ಲಿ ಇದೇ ಕ್ರಮ ಹಿಡಿಯುವವರಿದ್ದಾರೆ. ಕಳೆಯದೆ ಬಿಟ್ಟ ಮುಖವೇ ಜಾಂಬಿನ ಕೂಲಿಗೆ ಸಮ ಅಂತ ಅರ್ಥ. ನಮ್ಮ ಹಾಲ್ ಬಾಗಿಲು 21 ಚದರ ಅಡಿ, ಸುಮಾರು 2 ಮೀಟರ್. ಕೋಣೆಯ ಲೆಕ್ಕದಲ್ಲಿ ಕಳೆಯದಿದ್ದರೆ ಹಾಲಿನ ಲೆಕ್ಕದಲ್ಲಿ ಕಳೆದಿರಬೇಕು. ಎರಡರಲ್ಲೂ ಬಿಟ್ಟು ಜಾಂಬನ್ನೂ ಸೇರಿಸಿದರೆ ಒಂದೇ ಕೆಲಸಕ್ಕೆ ಎರಡು ಸಲ ಹಣ. ಫೋನಿನಲ್ಲಿ ಮರ್ಯಾದೆಯಿಂದಲೇ ಕೇಳಿ: “ಅಣ್ಣಾ, ಈ ಬಾಗಿಲು ಯಾವ ಕೋಣೆಯಲ್ಲಿ ಕಳೆದಿದ್ದೀರಿ?” ಖಾಸಗಿ ಕಂಟ್ರಾಕ್ಟರಿಗೆ ಈ ಮಾನಕ ತಾನಾಗಿ ಅನ್ವಯ ಆಗುವುದಿಲ್ಲ. ಹಾಗಾಗಿ ಕರಾರಿನಲ್ಲಿ “ಅಳತೆ ಐ.ಎಸ್. 1200 ಪ್ರಕಾರ” ಅಂತ ಒಂದು ಸಾಲು ಮೊದಲೇ ಬರೆಸಿ.

ಇದು ಕೂಲಿಯ ಅಳತೆ. ಪೇಂಟ್ ತರುವ ಲೆಕ್ಕ ಬೇರೆ. ಬಾಗಿಲಿನ ಖಾಲಿ ಜಾಗ ಪೇಂಟ್ ಕುಡಿಯುವುದಿಲ್ಲ ನೋಡಿ, ಅಲ್ಲಿ ಮೂರು ತೆರಪನ್ನೂ ಪೂರ್ತಿ ಕಳೆಯಬೇಕು. 480ರಿಂದ 58.5 ಹೋಗಿ 421.5, ಕಿಟಕಿ ಜಾಂಬಿಗೆ 9 ಸೇರಿಸಿ, ಸುಮಾರು 430. ಡಬ್ಬದ ಮೇಲೆ “ಎರಡು ಕೋಟಿಗೆ ಲೀಟರಿಗೆ 120 ಚದರ ಅಡಿ” ಅಂತ ಇದ್ದರೆ 3.6 ಲೀಟರ್, ಒಂದು ನಾಲ್ಕು ಲೀಟರಿನ ಡಬ್ಬ. ಎಸ್ಟಿಮೇಟಿನವರು 510ನ್ನು ಎರಡು ಕೋಟು ಅಂತ 1020 ಮಾಡಿ 120ರಿಂದ ಭಾಗಿಸಿ 8.5 ಲೀಟರ್ ಬರೆದಿದ್ದಾರೆ. 120ರಲ್ಲೇ ಎರಡು ಕೋಟು ಸೇರಿತ್ತು! ಡಬ್ಬದಲ್ಲಿ ಒಂದು ಕೋಟಿನ ಸಂಖ್ಯೆ ಬರೆದಿದ್ದರೆ ಮಾತ್ರ ಎರಡರಿಂದ ಗುಣಿಸುವುದು ಸರಿ. ಪುಟ್ಟಿ, ಪ್ರೈಮರ್ ಸರಿ ಹಾಕದ ಗೋಡೆ ಹೆಚ್ಚು ಪೇಂಟ್ ಎಳೀತದೆ, ಅದಕ್ಕೆ ಅರ್ಧ ಲೀಟರ್ ಹೆಚ್ಚು ಹಿಡಿದರೆ ತಪ್ಪಿಲ್ಲ. ಸೀಲಿಂಗಿನ ಬಿಳಿ ಪೇಂಟ್ 143 ಅಡಿಗೆ ಬೇರೆಯೇ ಬರೆಸಿ. ಗೋಡೆಗೆ ಅಂಟಿದ ಕಪಾಟು ಬರುವುದಾದರೆ ಅದರ ಹಿಂದಿನ ಜಾಗಕ್ಕೆ ಕಲರ್ ಪೇಂಟ್ ಯಾಕೆ ಅಂತಲೂ ಕೇಳಿ.

ಶುಕ್ರವಾರ ರಜೆಯ ದಿನ ತಮ್ಮನಿಗೋ ಭಾವನಿಗೋ ಟೇಪ್ ಹಿಡಿಸಿ ವಿಡಿಯೋ ಕಾಲ್ ಮಾಡಿ, ಪ್ರತಿ ಕೋಣೆಯ ಉದ್ದ, ಅಗಲ, ಎತ್ತರ, ತೆರಪುಗಳನ್ನು ನೀವೇ ಬರೆದುಕೊಳ್ಳಿ. ಟೈಲ್ಸ್ ಇಳಿಯುವ ದಿನ ಪೆಟ್ಟಿಗೆ ಎಣಿಸಲಿ, ಎಲ್ಲದರ ಮೇಲೂ ಬ್ಯಾಚ್ ನಂಬರ್ ಒಂದೇ ಇದೆಯಾ ನೋಡಲಿ. ಬ್ಯಾಚ್ ಬದಲಾದರೆ ಬಣ್ಣದಲ್ಲಿ ಸಣ್ಣ ವ್ಯತ್ಯಾಸ ಬರಬಹುದು. ಆ ಹನ್ನೆರಡನೇ ಪೆಟ್ಟಿಗೆ ಒಡೆಯದೆ ಉಳಿದರೆ ಅಂಗಡಿಗೆ ವಾಪಸ್ ಕೊಡದೆ ಅಟ್ಟದಲ್ಲಿಡಿಸಿ. ಮುಂದೆ ಪೈಪ್ ಸೋರಿ ನೆಲ ಒಡೆಯಬೇಕಾದಾಗ ಅದೇ ಬಣ್ಣ ಬೇರೆಲ್ಲೂ ಸಿಗುವುದಿಲ್ಲ.